ಬಿಲ್ ನಂಬರಿಗೂ ತಾರೀಖಿಗೂ ತಾಳೆ

ಅಪಾರ್ಟ್‌ಮೆಂಟ್ ಸಂಘವೊಂದರ ಖಜಾಂಚಿಯ ಮೊಬೈಲಿನಲ್ಲಿ ಒಂದೇ ಹಾರ್ಡ್‌ವೇರ್ ಅಂಗಡಿಯ ಮೂರು ತಿಂಗಳ ಬಿಲ್ಲುಗಳ ಫೋಟೋ ಇವೆ ಎಂದಿಟ್ಟುಕೊಳ್ಳಿ. ಲೆಕ್ಕ ನೋಡಲು ಕುಳಿತ ಹೊಸಬರು ಮೊದಲು ಕೇಳುವುದು ಒಂದೇ ಪ್ರಶ್ನೆ: 38 ಆದ ಮೇಲೆ ಒಮ್ಮೆಲೇ 171 ಬಂದಿದೆಯಲ್ಲ, ನಡುವಿನ ಬಿಲ್ಲುಗಳೆಲ್ಲಿ? ಎಲ್ಲೂ ಹೋಗಿಲ್ಲ, ಬೇರೆ ಗಿರಾಕಿಗಳ ಹತ್ತಿರ ಇವೆ. ಅಂಗಡಿ ನಮ್ಮೊಬ್ಬರಿಗೇ ಮಾರುವುದಿಲ್ಲ. ಹಾಗಾಗಿ ಕೊಳ್ಳುವವರ ಕೈಯಲ್ಲಿರುವ ಬಿಲ್ಲುಗಳಲ್ಲಿ ನಂಬರ್ ಹಾರುವುದು ಸಹಜ. ಅನುಮಾನ ಪಡಬೇಕಾದ್ದು ಹಾರದೇ ಇದ್ದಾಗ, ಇಲ್ಲವೇ ಹಿಂದುಮುಂದಾದಾಗ.

ಜಿಎಸ್‌ಟಿಯ 46ನೇ ನಿಯಮದ ಪ್ರಕಾರ ತೆರಿಗೆ ಬಿಲ್ಲಿನ ನಂಬರ್ 16 ಅಕ್ಷರ ಮೀರದೆ ಒಂದರ ಹಿಂದೊಂದು ಬರಬೇಕು, ಒಂದು ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅವಕಾಶವಿದೆ. ಆದ್ದರಿಂದ ನಂಬರಿನ ಮುಂದಿರುವ ಅಕ್ಷರಗಳನ್ನು ನೋಡಿ ಸರಣಿಗಳನ್ನು ಮೊದಲು ಬೇರೆ ಮಾಡಬೇಕು. ಏಪ್ರಿಲ್ 1ಕ್ಕೆ ಹೆಚ್ಚಿನ ಅಂಗಡಿಗಳು ಮತ್ತೆ 1ರಿಂದ ಶುರು ಮಾಡುತ್ತವೆ ಎಂಬುದೂ ನೆನಪಿರಲಿ.

ಫೋಟೋ ನೋಡಿ ನಂಬರು, ತಾರೀಖು, ಮೊತ್ತವನ್ನು ಎಕ್ಸೆಲ್‌ಗೆ ಇಳಿಸಿ. ಫೋಟೋ ಫೈಲಿನ ಹೆಸರನ್ನೂ ಪಕ್ಕದಲ್ಲೇ ಬರೆದಿಡಿ, ಮತ್ತೆ ತೆರೆದು ನೋಡಬೇಕಾಗುತ್ತದೆ. A ಕಾಲಮ್ಮಿನಲ್ಲಿ ನಂಬರಿನ ಅಂಕಿಗಳು ಮಾತ್ರ ಇರಲಿ, B ಕಾಲಮ್ಮಿನಲ್ಲಿ ತಾರೀಖು. ಅಕ್ಷರ ಸೇರಿದ ನಂಬರನ್ನು ಹಾಗೇ ಜೋಡಿಸಿದರೆ 998ಕ್ಕಿಂತ ಮೊದಲು 1000 ಬಂದು ಕೂರುತ್ತದೆ. ನಂಬರಿನ ಪ್ರಕಾರ ಜೋಡಿಸಿದ ಮೇಲೆ ಮೂರನೇ ಸಾಲಿನಿಂದ ಕೆಳಕ್ಕೆ ಈ ಸೂತ್ರ ಎಳೆಯಿರಿ:

```
=IF(B3<B2,"ನೋಡಿ","")
```

ನಂಬರ್ ಮುಂದೆ ಹೋಗಿ ತಾರೀಖು ಹಿಂದೆ ಬಂದ ಕಡೆಯೆಲ್ಲ ‘ನೋಡಿ’ ಎಂದು ಬೀಳುತ್ತದೆ.

ಈಗ ನಮ್ಮ ಅಂಗಡಿಗೆ ಬರೋಣ. ಏಪ್ರಿಲ್ 5ರಂದು 38, ಏಪ್ರಿಲ್ 19ಕ್ಕೆ 171, ಮೇ 3ಕ್ಕೆ 304. ಹದಿನಾಲ್ಕು ದಿನಕ್ಕೆ 133 ಬಿಲ್, ಅಂದರೆ ದಿನಕ್ಕೆ ಒಂಬತ್ತು–ಹತ್ತು. ಅಂಗಡಿಯ ಈ ನಡಿಗೆ ಸಿಕ್ಕಿತೆಂದರೆ ಯಾವ ನಂಬರ್ ಯಾವ ವಾರದ್ದೆಂದು ಹೆಚ್ಚುಕಡಿಮೆ ಹೇಳಬಹುದು. ಮೇ 17ರ ಬಿಲ್ 431, ಸರಿಯಾಗಿದೆ. ಮೇ 31ಕ್ಕೆ 864 ಎಂದು ಪಟ್ಟಿಯಲ್ಲಿದೆ; ಇದು ವಿಪರೀತ. ಫೋಟೋ ದೊಡ್ಡದು ಮಾಡಿ ನೋಡಿದರೆ ಅದು 564. ಮಸುಕಾದ 5 ಅನ್ನು 8 ಎಂದು ಓದಿಕೊಂಡದ್ದಷ್ಟೇ. ಇಂಥದ್ದೇ ಹೆಚ್ಚು, ಹಾಗಾಗಿ ಮೂಲ ಫೋಟೋ ನೋಡದೆ ಯಾರನ್ನೂ ಪ್ರಶ್ನಿಸಬಾರದು.

ಇನ್ನೊಂದು ಬಿಲ್ಲಿನ ತಾರೀಖು ಏಪ್ರಿಲ್ 28, ನಂಬರ್ 398. ಫೋಟೋದಲ್ಲೂ ಅದೇ ಇದೆ. ಅಂಗಡಿಯ ನಡಿಗೆಯಲ್ಲಿ 398 ಬರಬೇಕಾದ್ದು ಮೇ 13ರ ಆಸುಪಾಸಿಗೆ. ಬಿಲ್ ಆಗ ಬರೆದು ತಾರೀಖು ಹಿಂದಿನದು ಹಾಕಿದಂತಿದೆ. ಏಪ್ರಿಲ್ 30ಕ್ಕೆ ಹಳೆಯ ಸಮಿತಿಯ ಅವಧಿ ಮುಗಿದಿದ್ದರೆ ಕಾರಣ ಊಹಿಸುವುದು ಕಷ್ಟವಲ್ಲ. ಆದರೆ ಅಂಗಡಿಯವರು ಕೌಂಟರಿಗೊಂದು, ಸೇಲ್ಸ್‌ಮನ್‌ಗೊಂದು ಬಿಲ್ ಬುಕ್ ಕೊಟ್ಟಿದ್ದರೂ ಹೀಗಾಗಬಹುದು. ಸೇಲ್ಸ್‌ಮನ್ ಪುಸ್ತಕದ ಇನ್ನೂ ಒಂದೆರಡು ಬಿಲ್ ಸಿಕ್ಕರೆ ಅವೂ ಹೀಗೇ ಮುಂದಿರುತ್ತವೆ. ಒಂದೇ ಬಿಲ್ ಒಂಟಿಯಾಗಿ ಎದ್ದು ಕಂಡರೆ ಆ ಸಮಜಾಯಿಷಿ ಅಷ್ಟಾಗಿ ಒಪ್ಪುವುದಿಲ್ಲ. ‘ಮಾಲು ಮೊದಲು ಕೊಟ್ಟೆವು, ಬಿಲ್ ಆಮೇಲೆ ಬರೆದೆವು’ ಎಂಬ ಉತ್ತರವೂ ನಿಲ್ಲದು. ಸಾಮಾನು ಹೊರಡುವ ಮೊದಲು ಅಥವಾ ಹೊರಡುವ ಹೊತ್ತಿಗೇ ಬಿಲ್ ಆಗಬೇಕೆಂಬುದು ಜಿಎಸ್‌ಟಿ ಕಾಯ್ದೆಯ ಮಾತು.

ಮೂರನೆಯದು ಸೂತ್ರಕ್ಕೆ ಸಿಗುವುದೇ ಇಲ್ಲ. ಜೂನ್ 5ಕ್ಕೆ 612, ಜೂನ್ 12ಕ್ಕೆ 613, ಜೂನ್ 19ಕ್ಕೆ 614. ನಂಬರೂ ಕ್ರಮವಾಗಿದೆ, ತಾರೀಖೂ ಕ್ರಮವಾಗಿದೆ, ಎಷ್ಟು ಅಚ್ಚುಕಟ್ಟು! ಆದರೆ ಜೂನ್ 21ರ ಬಿಲ್ 762. ದಿನಕ್ಕೆ ಹತ್ತು ಬಿಲ್ ಬರೆಯುವ ಅಂಗಡಿಗೆ ಎರಡು ವಾರ ನಮ್ಮನ್ನು ಬಿಟ್ಟು ಇನ್ನೊಬ್ಬ ಗಿರಾಕಿಯೂ ಬರಲಿಲ್ಲ, ಆಮೇಲೆ ಎರಡೇ ದಿನದಲ್ಲಿ 148 ಬಿಲ್ ಆಯಿತು ಎಂದರೆ ನಂಬುವುದು ಹೇಗೆ? ಮೂರನ್ನೂ ಒಂದೇ ಸಲ ಕೂತು ಬರೆದಂತಿದೆ. ಈಗ ಮೊತ್ತ ನೋಡಿ. ₹10,000 ದಾಟಿದರೆ ಇಬ್ಬರ ಸಹಿ ಬೇಕೆಂಬ ನಿಯಮವಿದ್ದು, ಮೂರೂ ಬಿಲ್ ₹9,000 ಚಿಲ್ಲರೆಯಲ್ಲಿ ನಿಂತಿದ್ದರೆ, ಒಂದು ಖರೀದಿಯನ್ನು ಮೂರು ತುಂಡು ಮಾಡಿರುವ ಸಂಭವವೇ ಹೆಚ್ಚು.

ಒಂದು ಮಿತಿಯಿದೆ. ನಮ್ಮದೇ ಬಿಲ್ಲೊಂದು ಕಳೆದಿದ್ದರೆ ಅದನ್ನು ನಂಬರಿನ ಅಂತರ ಹೇಳಲಾರದು. ಅದಕ್ಕೆ ಅಂಗಡಿಯಿಂದ ಖಾತೆಯ ಸ್ಟೇಟ್‌ಮೆಂಟ್ ತರಿಸಬೇಕು. ಸಂಘಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ GSTR-2B ತೆರೆದು, ಅಂಗಡಿಯವರು ನಮ್ಮ ಹೆಸರಿನಲ್ಲಿ ತೋರಿಸಿದ ಬಿಲ್ಲುಗಳೊಂದಿಗೆ ಪಟ್ಟಿ ತಾಳೆ ನೋಡಬೇಕು.

ಅನುಮಾನ ಬಂದ ಬಿಲ್ಲಿನ ಬಗ್ಗೆ ಅಂಗಡಿಯವರನ್ನು ಕೇಳುವುದಾದರೆ ಆ ಬಿಲ್ಲನ್ನೇ ಕೇಳಬೇಡಿ. 615ರ ತಾರೀಖು ಯಾವುದೆಂದು ಮಾತ್ರ ಕೇಳಿ. ಹೆಸರು, ಮೊತ್ತ ಬೇಕಿಲ್ಲ. ಅದು ಜೂನ್ 5 ಅಥವಾ 6 ಆಗಿದ್ದರೆ 613, 614ರ ತಾರೀಖು ಸುಳ್ಳು.