ಓಕ್ ಪೀಪಾಯಿ ಕೊಟ್ಟ ಪರಿಮಳ

ಸ್ಕಾಚ್ ವಿಸ್ಕಿ ಬಾಟಲಿಯ ಮೇಲೆ ‘ವೆನಿಲಾ, ಟಾಫಿ, ಒಣದ್ರಾಕ್ಷಿ’ ಎಂದಿದ್ದರೆ ಅವನ್ನು ಬೆರೆಸಿದ್ದಾರೆ ಎಂದಲ್ಲ. ನೀರು ಮತ್ತು ಬಣ್ಣಕ್ಕೆಂದು ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸ್ಕಾಚ್‌ಗೆ ಸೇರಿಸಲು ಕಾನೂನು ಬಿಡುವುದಿಲ್ಲ. ಈ ಪರಿಮಳಗಳು ಬಹುಪಾಲು ಬರುವುದು, ಅದು ಕನಿಷ್ಠ 3 ವರ್ಷ ಮಾಗುವ ಓಕ್ ಮರದ ಪೀಪಾಯಿಯಿಂದ.

ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ವೆನಿಲಾ ಬೀನ್ಸ್‌ನ ಘಮಕ್ಕೂ ಇದೇ ಮುಖ್ಯ ಕಾರಣ. ಮರದಲ್ಲಿರುವ ಹೆಮಿಸೆಲ್ಯುಲೋಸ್ ಸಕ್ಕರೆಗಳಾಗಿ ಒಡೆದು, ಕಾದ ಪಾಕದಂತೆ ಕಂದಾಗಿ ಟಾಫಿಯ ವಾಸನೆ ಕೊಡುತ್ತದೆ. ಒಣದ್ರಾಕ್ಷಿ, ಅಂಜೂರದ ರುಚಿ ಸಾಮಾನ್ಯವಾಗಿ ಸ್ಪೇನಿನ ಶೆರಿ ವೈನ್ ತುಂಬಿಟ್ಟಿದ್ದ ಪೀಪಾಯಿಯದು.

ಹಾಗಾಗಿ ಲೇಬಲ್‌ನಲ್ಲಿ ಮೊದಲು ಪೀಪಾಯಿಯ ವಿವರ ಹುಡುಕಿ. ‘ಬರ್ಬನ್’ ಎಂದಿದ್ದರೆ ವೆನಿಲಾ, ಟಾಫಿ ನಿರೀಕ್ಷಿಸಿ. ‘ಶೆರಿ’ ಎಂದಿದ್ದರೆ ಒಣಹಣ್ಣು. ಗಾಢ ಬಣ್ಣ ನೋಡಿ ತೀರ್ಮಾನಿಸಬೇಡಿ, ಅದು ಕ್ಯಾರಮೆಲ್‌ನದೂ ಇರಬಹುದು.