ಉಪ್ಪಿನ ಪೊಟ್ಟಣದ ಹಿಂಬದಿ

ಒಂದು ಕಾಲಕ್ಕೆ ಕಿರಾಣಿ ಅಂಗಡಿಯಲ್ಲಿ ಉಪ್ಪೆಂದರೆ ಎರಡೇ ಬಗೆ: ಹರಳುಪ್ಪು, ಪುಡಿಉಪ್ಪು. ಈಗ ಅದೇ ಸಾಲಿನಲ್ಲಿ ‘ಲೋ ಸೋಡಿಯಂ’, ‘ಲೈಟ್’, ‘30% ಕಡಿಮೆ ಸೋಡಿಯಂ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದ ಪೊಟ್ಟಣಗಳೂ ಕುಳಿತಿವೆ. ಬಿ.ಪಿ. ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ, ಕಿಡ್ನಿ ದುರ್ಬಲವಾದವರಿಗೆ ವೈದ್ಯರು ಮೊದಲು ಹೇಳುವ ಮಾತು ‘ಉಪ್ಪು ಕಡಿಮೆ ಮಾಡಿ’ ಎಂಬುದೇ. ಆ ಮಾತು ಕಿವಿಯಲ್ಲಿರುವಾಗ ಇಂಥ ಪೊಟ್ಟಣ ಕಂಡರೆ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಆದರೆ ಈ ಮೂವರಲ್ಲಿ ಕಿಡ್ನಿ ದುರ್ಬಲವಾದವರು ಅದನ್ನು ಬುಟ್ಟಿಗೆ ಹಾಕುವ ಮೊದಲು ತಿರುಗಿಸಿ ನೋಡಬೇಕು. ಕಡಿಮೆಯಾದದ್ದು ಏನೆಂದು ಮುಂಬದಿ ಹೇಳುತ್ತದೆ. ಅದರ ಜಾಗಕ್ಕೆ ಬಂದದ್ದು ಏನೆಂದು ತಿಳಿಯುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ.

ನಾವು ದಿನವೂ ಬಳಸುವ ಉಪ್ಪು ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಸುಮಾರು 39 ಭಾಗ ಸೋಡಿಯಂ. ಸೋಡಿಯಂ ಇಳಿಸಬೇಕು, ಉಪ್ಪಿನ ರುಚಿಯೂ ಉಳಿಯಬೇಕು ಎಂದರೆ ಉಪ್ಪಿನಂತೆಯೇ ಕಾಣುವ, ಹೆಚ್ಚು ಕಡಿಮೆ ಉಪ್ಪಿನಂತೆಯೇ ರುಚಿಸುವ ಇನ್ನೊಂದು ಲವಣ ಬೇಕು. ತಯಾರಕರು ಇದಕ್ಕೆ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಪೊಟ್ಯಾಸಿಯಂ ಕ್ಲೋರೈಡನ್ನು. ರಸಾಯನಶಾಸ್ತ್ರದಲ್ಲಿ ಅದರ ಗುರುತು KCl. ಬಿಳಿಯ ಹರಳು, ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಆದರೆ ನಾಲಿಗೆಯ ಮೇಲೆ ತುಸು ಕಹಿ ಬಿಡುತ್ತದೆ. ಆ ಕಹಿ ಎದ್ದು ಕಾಣದಿರಲಿ ಎಂದೇ ಅದನ್ನು ಸಾಮಾನ್ಯ ಉಪ್ಪಿನೊಂದಿಗೆ ಬೆರೆಸುವುದು ರೂಢಿ. ನಮ್ಮ ಮಾರುಕಟ್ಟೆಯ ಮಿಶ್ರಣಗಳಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಭಾಗ ಸೋಡಿಯಂ ಇಳಿಸಿದ್ದೇವೆ ಎಂಬ ಮಾತು ಕಾಣಸಿಗುತ್ತದೆ. ಹೊರದೇಶಗಳಲ್ಲಿ ಪೂರ್ತಿಯಾಗಿ ಪೊಟ್ಯಾಸಿಯಂ ಕ್ಲೋರೈಡಿನಿಂದಲೇ ಮಾಡಿದ ‘ಉಪ್ಪು’ ಕೂಡ ಸಿಗುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳು ಊರಿಗೆ ಬರುವಾಗ ‘ಅಪ್ಪನ ಬಿ.ಪಿ.ಗೆ ಒಳ್ಳೆಯದು’ ಎಂದು ತರುವ ಡಬ್ಬಿಗಳಲ್ಲಿ ಅದೂ ಇರಬಹುದು.

ಈ ಉಪ್ಪು ಕೆಟ್ಟದ್ದಲ್ಲ. ಉತ್ತರ ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದರ ಲಾಭವನ್ನು ತೋರಿಸಿದೆ. ಹಿಂದೆ ಪಾರ್ಶ್ವವಾಯು ಆಗಿದ್ದವರು ಅಥವಾ 60 ದಾಟಿದ, ಬಿ.ಪಿ. ಹೆಚ್ಚಿದ್ದವರು ಅದರಲ್ಲಿದ್ದರು. ಅರ್ಧದಷ್ಟು ಹಳ್ಳಿಗಳಿಗೆ ಮುಕ್ಕಾಲು ಪಾಲು ಸಾಮಾನ್ಯ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಮಿಶ್ರಣ ಕೊಟ್ಟರು. ಐದು ವರ್ಷಗಳ ಹೊತ್ತಿಗೆ ಆ ಹಳ್ಳಿಗಳಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇ 14ರಷ್ಟು ಕಡಿಮೆಯಿತ್ತು. ಆದರೆ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳುವಾಗಲೇ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಹೊರಗಿಟ್ಟಿದ್ದರು. ರೋಗಿಗೆ ಇಲ್ಲದಿದ್ದರೂ ಅದೇ ಮನೆಯಲ್ಲಿ ಊಟ ಮಾಡುವ ಇನ್ನೊಬ್ಬರಿಗೆ ಆ ಕಾಯಿಲೆ ಇದ್ದರೂ ಸೇರಿಸಿಕೊಳ್ಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಾಗಲೂ ಅದೇ ಗೆರೆ ಎಳೆಯಿತು: ಸಲಹೆ ವಯಸ್ಕರಿಗೆ ಮಾತ್ರ, ಮಕ್ಕಳಿಗೆ, ಗರ್ಭಿಣಿಯರಿಗೆ, ಕಿಡ್ನಿ ದುರ್ಬಲವಾದವರಿಗೆ, ಪೊಟ್ಯಾಸಿಯಂ ಹೊರಹಾಕಲು ದೇಹಕ್ಕೆ ಕಷ್ಟವಾಗುವ ಬೇರೆ ತೊಂದರೆ ಇದ್ದವರಿಗೆ ಅಲ್ಲ.

ಗೆರೆ ಅಲ್ಲೇ ಏಕೆ? ನಮ್ಮ ಮೈಯೊಳಗಿನ ಪೊಟ್ಯಾಸಿಯಂನಲ್ಲಿ ಶೇ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಇರುವುದು ಬಹಳ ಸ್ವಲ್ಪ, ಲೀಟರಿಗೆ 3.5ರಿಂದ 5 ಮಿಲಿಮೋಲ್. ಹೃದಯದ ಪ್ರತಿ ಬಡಿತಕ್ಕೂ ಕಾರಣವಾಗುವ ವಿದ್ಯುತ್ ಸಂಕೇತ ನಿಂತಿರುವುದು ಈ ಒಳ ಹೊರಗಿನ ವ್ಯತ್ಯಾಸದ ಮೇಲೆ. ಊಟವಾದಾಗ ಬಂದ ಪೊಟ್ಯಾಸಿಯಂ ಅನ್ನು ಇನ್ಸುಲಿನ್ ಮೊದಲು ಜೀವಕೋಶಗಳೊಳಗೆ ತಳ್ಳುತ್ತದೆ. ನಂತರದ ಕೆಲವು ಗಂಟೆಗಳಲ್ಲಿ ಕಿಡ್ನಿಗಳು ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೊರಹೋಗುವ ಪೊಟ್ಯಾಸಿಯಂನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹೋಗುವುದು ಕಿಡ್ನಿಯ ದಾರಿಯಲ್ಲೇ. ಆ ದಾರಿ ಕಿರಿದಾದರೆ ಬಂದದ್ದು ರಕ್ತದಲ್ಲಿ ಉಳಿಯುತ್ತದೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರಲ್ಲಿ ಇನ್ಸುಲಿನ್ನಿನ ಕೊರತೆಯೂ ಸೇರಿಕೊಂಡು ಎರಡೂ ಬಾಗಿಲು ಅರ್ಧ ಮುಚ್ಚಿದಂತಾಗುತ್ತದೆ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಮನೆಯ ಯಜಮಾನರಿಗೆ 62 ವರ್ಷ, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಎಂದಿಟ್ಟುಕೊಳ್ಳಿ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಎಂಬ ಸಂಖ್ಯೆ ಅವರ ವರದಿಯಲ್ಲಿ 28. ಅದು 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೇ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಪೊಟ್ಯಾಸಿಯಂ ಏರತೊಡಗಿದ್ದರಿಂದ ಆಹಾರತಜ್ಞರು ದಿನಕ್ಕೆ ಸುಮಾರು 2000 ಮಿಲಿಗ್ರಾಂ ಮೀರದಂತೆ ಊಟ ಹೊಂದಿಸಿಕೊಟ್ಟಿದ್ದಾರೆ. ಯಜಮಾನರು ಬಾಳೆಹಣ್ಣು ಬಿಟ್ಟರು, ಎಳನೀರು ಬಿಟ್ಟರು. ಮನೆಯಾಕೆ ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಬಸಿದು ಪಲ್ಯ ಮಾಡತೊಡಗಿದರು. ಇಷ್ಟೆಲ್ಲ ಮಾಡಿದ ಮೇಲೆ, ಬಿ.ಪಿ.ಗೂ ಒಳ್ಳೆಯದಾಗಲಿ ಎಂದು ‘30% ಕಡಿಮೆ ಸೋಡಿಯಂ’ ಉಪ್ಪು ತಂದು ಸಾರು, ಹುಳಿ, ಪಲ್ಯಕ್ಕೆಲ್ಲ ಅದನ್ನೇ ಹಾಕಿದರು.

ಭಾರತೀಯರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ. ಇವರೂ ಅಷ್ಟೇ ತಿಂದರೆ, ಅದರಲ್ಲಿ 30 ಭಾಗ ಪೊಟ್ಯಾಸಿಯಂ ಕ್ಲೋರೈಡ್ ಎಂದು ಹಿಡಿದರೆ, 2.4 ಗ್ರಾಂ ಆಯಿತು. ಪೊಟ್ಯಾಸಿಯಂ ಕ್ಲೋರೈಡಿನ ಪ್ರತಿ ಗ್ರಾಂನಲ್ಲಿ 524 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಗುಣಿಸಿದರೆ ದಿನಕ್ಕೆ ಸುಮಾರು 1250 ಮಿಲಿಗ್ರಾಂ. ಒಂದು ದೊಡ್ಡ ಪಚ್ಚಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಇರುತ್ತದೆ. ಬಾಯಿಗೆ ಒಂದು ಬಾಳೆಹಣ್ಣನ್ನೂ ಮುಟ್ಟಿಸದ ಮನುಷ್ಯನ ಹೊಟ್ಟೆಗೆ ದಿನಾ ಮೂರು ಬಾಳೆಹಣ್ಣಿನಷ್ಟು ಪೊಟ್ಯಾಸಿಯಂ ಉಪ್ಪಿನ ದಾರಿಯಲ್ಲಿ ಹೋಗುತ್ತಿದೆ. ದಿನದ ಮಿತಿಯ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ರುಚಿ ಸಾಲದು ಎಂದು ಒಂದು ಚಿಟಿಕೆ ಜಾಸ್ತಿ ಹಾಕಿಕೊಂಡರೆ ಲೆಕ್ಕ ಇನ್ನೂ ಮೇಲೇರುತ್ತದೆ.

ಇದೇ ಯಜಮಾನರು ನುಂಗುವ ಮಾತ್ರೆಗಳನ್ನೂ ನೋಡಬೇಕು. ಸಕ್ಕರೆ ಕಾಯಿಲೆಯವರ ಕಿಡ್ನಿ ಉಳಿಸಲೆಂದು, ಬಿ.ಪಿ. ಇಳಿಸಲೆಂದು ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್ ಮಾತ್ರೆಗಳನ್ನು ವೈದ್ಯರು ಧಾರಾಳವಾಗಿ ಬರೆಯುತ್ತಾರೆ. ಅವು ಒಳ್ಳೆಯ ಔಷಧಗಳೇ. ಆದರೆ ಪೊಟ್ಯಾಸಿಯಂ ಹೊರಹಾಕುವಂತೆ ಕಿಡ್ನಿಗೆ ಹೇಳುವ ಆಲ್ಡೊಸ್ಟೆರಾನ್ ಎಂಬ ಹಾರ್ಮೋನನ್ನು ಅವು ತಗ್ಗಿಸುತ್ತವೆ. ಹೃದಯದ ತೊಂದರೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಆ ಹಾರ್ಮೋನಿನ ಕೆಲಸವನ್ನೇ ತಡೆಯುತ್ತದೆ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಇದೇ ದಿಕ್ಕಿಗೆ ಎಳೆಯುತ್ತವೆ. ದುರ್ಬಲ ಕಿಡ್ನಿ, ಇಂಥ ಒಂದು ಮಾತ್ರೆ, ಮೇಲೆ ಪೊಟ್ಯಾಸಿಯಂ ಉಪ್ಪು: ಮೂರೂ ಒಂದಾದಾಗ ಅಪಾಯ ಬಹಳ ಹೆಚ್ಚು.

ಕಷ್ಟವೆಂದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿರುವುದು ಮನುಷ್ಯನಿಗೆ ಗೊತ್ತಾಗುವುದೇ ಅಪರೂಪ. ನೋವಿಲ್ಲ, ಜ್ವರವಿಲ್ಲ. ಕೆಲವರಿಗೆ ಕಾಲಲ್ಲಿ ಬಲವಿಲ್ಲದಂತೆ ಅನ್ನಿಸುತ್ತದೆ, ಮೆಟ್ಟಿಲು ಹತ್ತಲು ತ್ರಾಸವಾಗುತ್ತದೆ, ಎದೆಬಡಿತ ತಪ್ಪಿದಂತೆ ಅಥವಾ ನಿಧಾನವಾದಂತೆ ಭಾಸವಾಗುತ್ತದೆ. ಇಸಿಜಿ ತೆಗೆದರೆ ಟಿ ಎಂದು ಕರೆಯುವ ಅಲೆ ಡೇರೆಯ ತುದಿಯಂತೆ ಎತ್ತರಕ್ಕೆ, ಚೂಪಾಗಿ ಎದ್ದಿರುತ್ತದೆ. ಪೊಟ್ಯಾಸಿಯಂ 6.5 ಮುಟ್ಟಿದರೆ ವೈದ್ಯರು ತುರ್ತು ಎಂದೇ ಪರಿಗಣಿಸುತ್ತಾರೆ. ಹೃದಯವನ್ನು ಕಾಯಲು ಕ್ಯಾಲ್ಸಿಯಂ ಗ್ಲುಕೋನೇಟ್ ಚುಚ್ಚುಮದ್ದು ಕೊಡುತ್ತಾರೆ, ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ಕಳಿಸಲು ಗ್ಲುಕೋಸಿನ ಜೊತೆ ಇನ್ಸುಲಿನ್ ಕೊಡುತ್ತಾರೆ, ಅಗತ್ಯ ಬಿದ್ದರೆ ಡಯಾಲಿಸಿಸ್ ಮಾಡುತ್ತಾರೆ. ಕೆಲವರಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಬಿಡುವುದೂ ಉಂಟು.

ಹಾಗಾದರೆ ಪೊಟ್ಟಣವನ್ನು ಓದುವುದು ಹೇಗೆ? ಮೊದಲು ‘ಇಂಗ್ರೀಡಿಯೆಂಟ್ಸ್’ ಎಂಬ ಸಾಲು ಹುಡುಕಬೇಕು. ಅಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಹೆಸರೋ ಐಎನ್‌ಎಸ್ 508 ಎಂಬ ಸಂಖ್ಯೆಯೋ ಇದ್ದರೆ ಎರಡೂ ಒಂದೇ. ಈ 508 ಉಪ್ಪಿಗೆ ಮಾತ್ರ ಸೀಮಿತವಲ್ಲ. ನೂಡಲ್ಸ್, ಸೂಪ್ ಪುಡಿಯಂಥ ಸಿದ್ಧ ಆಹಾರಗಳ ಮೇಲೂ ಕಾಣಸಿಗುತ್ತದೆ. ಎರಡನೆಯದಾಗಿ ಪೋಷಕಾಂಶಗಳ ಪಟ್ಟಿಯಲ್ಲಿ ಸೋಡಿಯಂ ಎಷ್ಟಿದೆ ಎಂದು ನೋಡಬೇಕು. ಸಾಮಾನ್ಯ ಉಪ್ಪಿನ 100 ಗ್ರಾಂನಲ್ಲಿ 38ರಿಂದ 39 ಗ್ರಾಂ ಸೋಡಿಯಂ ಇರುತ್ತದೆ. ಅಲ್ಲಿ 27 ಗ್ರಾಂ ಎಂದಿದ್ದರೆ ಮೂವತ್ತು ಭಾಗ ಸೋಡಿಯಂ ಹೋಗಿದೆ. ಆ ಖಾಲಿ ಜಾಗವನ್ನು ಬೇರೆ ಏನೋ ತುಂಬಿದೆ. ಪೊಟ್ಯಾಸಿಯಂ ಎಷ್ಟೆಂದು ಬರೆಯದಿದ್ದರೂ ಈ ಲೆಕ್ಕ ಸುಳಿವು ಕೊಡುತ್ತದೆ. ಮೂರನೆಯದಾಗಿ ಎಚ್ಚರಿಕೆಯ ಸಾಲೊಂದು ಇದೆಯೇ ಎಂದು ನೋಡಬೇಕು. ಆ ಸಾಲು ಇಲ್ಲದಿದ್ದರೆ ಅಪಾಯವಿಲ್ಲ ಎಂದು ಅರ್ಥವಲ್ಲ.

ಇಲ್ಲಿ ಸೈಂಧವ ಲವಣದ ಮಾತೂ ಬರುತ್ತದೆ. ಗುಲಾಬಿ ಬಣ್ಣದ ಕಲ್ಲುಪ್ಪು ಕಿಡ್ನಿಗೆ ಹಿತ ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಅದರ ಬಹುಪಾಲು ಸಾಮಾನ್ಯ ಉಪ್ಪೇ, ಅಂದರೆ ಸೋಡಿಯಂ ಕ್ಲೋರೈಡೇ. ಪೊಟ್ಯಾಸಿಯಂ ಉಪ್ಪಿನ ಅಪಾಯ ಅದರಲ್ಲಿ ಇಲ್ಲ, ಆದರೆ ಸೋಡಿಯಂ ಉಳಿಸಿದಂತೆಯೂ ಆಗುವುದಿಲ್ಲ.

ಕಿಡ್ನಿ ಕಾಯಿಲೆಯವರಿಗೆ ಉಳಿದಿರುವ ದಾರಿ ಉಪ್ಪಿನ ಬಗೆ ಬದಲಿಸುವುದಲ್ಲ, ಸಾಮಾನ್ಯ ಉಪ್ಪನ್ನೇ ಅಳೆದು ಕಡಿಮೆ ಹಾಕುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದ್ದೂ ಅದರಲ್ಲೇ ಸೇರಬೇಕು. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ, ಇಂಗು, ಕರಿಬೇವಿನ ಒಗ್ಗರಣೆ, ಕೊನೆಗೆ ನಾಲ್ಕು ಹನಿ ನಿಂಬೆರಸ ಇದ್ದರೆ ಸಪ್ಪೆ ಸಾರೂ ಬಾಯಿಗೆ ಹಿಡಿಸುತ್ತದೆ. ಮನೆಯಲ್ಲಿ ಉಳಿದವರಿಗೆ ಕಡಿಮೆ ಸೋಡಿಯಂ ಉಪ್ಪೇ ಬೇಕಾದರೆ ಎರಡು ಡಬ್ಬಿ ಬೇರೆ ಬೇರೆ ಇಟ್ಟು, ಹೆಸರು ಬರೆದು, ಕಿಡ್ನಿ ಕಾಯಿಲೆಯವರ ಅಡುಗೆಗೆ ಅದು ತಪ್ಪಿಯೂ ಬೀಳದಂತೆ ನೋಡಿಕೊಳ್ಳಬೇಕು. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಸಾರು ಕುದಿಯುವ ಮನೆಯಲ್ಲಿ ಇದು ನಡೆಯದ ಮಾತಾದರೆ, ಆ ಪೊಟ್ಟಣ ಮನೆಗೆ ಬರದಿರುವುದೇ ಲೇಸು.

ಈಗಾಗಲೇ ಇಂಥ ಉಪ್ಪು ಬಳಸುತ್ತಿರುವ ಕಿಡ್ನಿ ಕಾಯಿಲೆಯವರು ಅದನ್ನು ಇವತ್ತೇ ಪಕ್ಕಕ್ಕಿಟ್ಟು, ವೈದ್ಯರಿಗೆ ತಿಳಿಸಿ, ರಕ್ತದ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿ.ಪಿ. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಕೈಕಾಲಲ್ಲಿ ಬಲ ಕುಂದಿದ್ದರೆ, ಎದೆಬಡಿತ ಏರುಪೇರಾಗಿದ್ದರೆ ವರದಿಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಹಳೆಯದಾಗಿದ್ದು ಕಿಡ್ನಿಯ ಸ್ಥಿತಿ ಗೊತ್ತಿಲ್ಲದವರು ಈ ಉಪ್ಪಿಗೆ ಬದಲಾಗುವ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಇಜಿಎಫ್‌ಆರ್ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕಿಡ್ನಿ ಅರ್ಧ ಕೆಟ್ಟರೂ ಅನೇಕರಿಗೆ ಏನೂ ಅನ್ನಿಸುವುದಿಲ್ಲ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಗಳ ಚೀಟಿಯ ಜೊತೆ ಅಡುಗೆಮನೆಯ ಉಪ್ಪಿನ ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.