ಶರಾವತಿ ಸೇತುವೆಯಿಂದ ಒಂದು ಮೆಸೇಜು

ಮಾರ್ಚ್ ಕೊನೆಯ ವಾರ. ಸಂಜೆ ಐದೂವರೆಗೆ ಭಟ್ಕಳ ಬಿಟ್ಟ ಕುಮಟಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೇನೆ. ಮುಂದಿನ ಸೀಟಿನ ಅಮ್ಮನ ಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ; ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಅದರ ಪರಿಮಳ ನನ್ನ ಕಡೆ ತೇಲಿ ಬರುತ್ತದೆ.

ಅವಳು ಕುಮಟಾದ ಒಂದು ಸಹಕಾರಿ ಸಂಘದಲ್ಲಿ ವರ್ಷಾಂತ್ಯದ ಲೆಕ್ಕದ ಮುಂದೆ ಕೂತಿದ್ದಾಳೆ. ಮಧ್ಯಾಹ್ನ ಒಂದೇ ಸಾಲು ಬರೆದಿದ್ದಳು: ‘360 ರೂಪಾಯಿ ಫರಕು, ಸಿಗ್ತಾ ಇಲ್ಲ.’ ಫರಕು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಹಿಂದೊಮ್ಮೆ ಅವಳೇ ಹೇಳಿಕೊಟ್ಟಿದ್ದಳು. 6,370 ಎಂದು ಬರೆಯಬೇಕಾದಲ್ಲಿ 6,730 ಎಂದು ಬಿದ್ದರೆ ಬರುವುದು ಇದೇ 360. ಪಿಗ್ಮಿ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿರುತ್ತಾಳೆ, ಪಾಪ.

‘ಊಟ ಆಯ್ತಾ?’ ಎಂದು ಬರೆದೆ, ಅಳಿಸಿದೆ. ಪ್ರಶ್ನೆ ಎಷ್ಟು ಚಿಕ್ಕದಾದರೂ ಉತ್ತರದ ಬಾಕಿ ಉಳಿಯುತ್ತದೆ. ‘ಭಾನುವಾರ ಸಿಗ್ತೀಯಾ?’ ಎಂದರೆ ಅವಳ ತಲೆ ಮೇಲೆ ಇನ್ನೊಂದು ತಾರೀಕು. ‘ನೀನಿಲ್ಲದೆ ಬೇಜಾರು’ ಎಂದೂ ಬರೆದೆ. ನಿಜವೇ. ಆದರೆ ಅದನ್ನು ಓದಿದರೆ ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳಿಗೇ ಬಂತಲ್ಲ! ದನಿಯಲ್ಲಿ ಹೇಳೋಣವೆಂದರೆ ಅದನ್ನು ಕೇಳಲು ಅವಳು ಎದ್ದು ಹೊರಗೆ ಹೋಗಬೇಕು.

ಅಷ್ಟರಲ್ಲಿ ಕಾಸರಕೋಡು ದಾಟಿತು. ಬಸ್ಸು ಶರಾವತಿ ಸೇತುವೆ ಏರಿದ್ದೇ ಎಡಕ್ಕೆ ಅಳಿವೆಯ ಕಡೆ ಸೂರ್ಯ, ನೀರಿನ ಮೇಲೆ ಅರಿಶಿನ ಕದಡಿದ ಬಣ್ಣ. ಒಂದು ದೋಣಿ ಯಾವ ಅವಸರವೂ ಇಲ್ಲದೆ ದಡಕ್ಕೆ ಮರಳುತ್ತಿತ್ತು. ನದಿ ಇಷ್ಟು ಅಗಲವಾಗಿರುವುದು ಎಷ್ಟು ಒಳ್ಳೆಯದು; ಹೊನ್ನಾವರ ಮುಟ್ಟುವ ಮೊದಲೇ ಬರೆಯಬೇಕಾದ್ದು ಹೊಳೆಯಿತು.

‘ಶರಾವತಿ ಮೇಲಿದ್ದೇನೆ. ಬಿಸಿಲು ಇಳಿದಿದೆ, ಗಾಳಿ ತಂಪಾಗಿದೆ, ಮುಂದಿನ ಸೀಟಲ್ಲಿ ಮಲ್ಲಿಗೆ ಇದೆ. ಮೂರನ್ನೂ ನಿನ್ನ ಹೆಸರಿಗೆ ಜಮಾ ಮಾಡಿದ್ದೇನೆ. ನಿನ್ನ 360 ಸಿಕ್ಕೇ ಸಿಗ್ತದೆ. ಟ್ಯಾಲಿ ಆಗದ ಲೆಕ್ಕ ನನ್ನ ಎದೆಯಲ್ಲೂ ಒಂದಿದೆ, ನಿನ್ನಿಂದ ಮಾತ್ರ ಆಗುವಂಥದ್ದು. ಅದಕ್ಕೆ 31ರ ಗಡುವಿಲ್ಲ ಮಾರಾಯ್ತಿ. ಉತ್ತರ ಬರೀಬೇಡ, ಒಂದು ಲೋಟ ನೀರು ಕುಡಿ.’

ಕಳಿಸಿ ಫೋನು ಕಿಸೆಗೆ ಹಾಕಿದೆ. ನೀಲಿ ಗೆರೆ ಬಂತೇ ಎಂದು ತೆಗೆದು ನೋಡಲಿಲ್ಲ; ಉತ್ತರ ಬೇಡ ಎಂದ ಮೇಲೆ ಕಾಯುವುದೂ ಒಂದು ಒತ್ತಾಯವೇ. ಕುಮಟಾ ಹತ್ತಿರಾದಂತೆ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತಿದ್ದವು. ಇಳಿದು ಅವಳ ಕಚೇರಿಯ ಎದುರಿನಿಂದಲೇ ನಡೆದೆ. ಮಹಡಿಯ ದೀಪ ಉರಿಯುತ್ತಿತ್ತು. ನಿಲ್ಲಲಿಲ್ಲ.

ರಾತ್ರಿ ಹತ್ತು ದಾಟಿದ ಮೇಲೆ ಫೋನು ಮಿಣುಕಿತು.

‘ಎಡಗಡೆ ಸೀಟು ಸಿಕ್ಕಿತ್ತಾ?’